ನಾಯಿಯೊಡನೆ ದೀಪಾವಳಿ ರಜೆ



ದೀಪಾವಳಿ ಹತ್ತಿರ ಬಂದಂತೆ ಬೆಂಗಳೂರಿನಲ್ಲಿ ನಮ್ಮಂಥ ಪಶುವೈದ್ಯರಿಗೆ ಎರಡು ಪ್ರಶ್ನೆಗಳು ತಪ್ಪದೆ ಎದುರಾಗುತ್ತವೆ. ಪಟಾಕಿ ಸದ್ದಿಗೆ ನಮ್ಮ ನಾಯಿ ಮಂಚದ ಕೆಳಗೆ ಸೇರಿ ನಡುಗುತ್ತೆ ಡಾಕ್ಟ್ರೇ, ಏನ್ ಮಾಡೋದು ಅನ್ನುವುದು ಒಂದು. ಮೂರು ದಿನ ರಜೆ ಇದೆ, ಅದನ್ನೂ ಕರ್ಕೊಂಡು ಎಲ್ಲಾದ್ರೂ ಹೋಗಿ ಬರಬಹುದಾ ಅನ್ನುವುದು ಇನ್ನೊಂದು. ಜಾಗವನ್ನು ಸರಿಯಾಗಿ ಆರಿಸಿಕೊಂಡರೆ ಎರಡನೆಯ ಪ್ರಶ್ನೆಯಲ್ಲೇ ಮೊದಲನೆಯದಕ್ಕೂ ಉತ್ತರವಿದೆ. ಆ ಆಯ್ಕೆ ಹೇಗೆ ಮಾಡಬೇಕು ಎಂಬುದೇ ಇವತ್ತಿನ ಮಾತು.

ನಾವು ಪ್ರವಾಸಕ್ಕೆ ಜಾಗ ಹುಡುಕುವಾಗ ಅಲ್ಲಿ ನೋಡುವುದಕ್ಕೆ ಏನಿದೆ ಎಂದು ಕೇಳುತ್ತೇವೆ. ನಾಯಿ ಜೊತೆಗಿದ್ದರೆ ಮೊದಲು ಕೇಳಬೇಕಾದದ್ದು ಬೇರೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ನಾಯಿ ಎಲ್ಲಿರುತ್ತದೆ? ರಾತ್ರಿ ಎಲ್ಲಿ ಮಲಗುತ್ತದೆ? ಈ ಎರಡಕ್ಕೂ ಸಮಾಧಾನದ ಉತ್ತರ ಸಿಗದ ಊರನ್ನು, ಅದು ಎಷ್ಟೇ ಚೆಂದವಿರಲಿ, ಪಟ್ಟಿಯಿಂದ ತೆಗೆದುಬಿಡಿ.

ಮಧ್ಯಾಹ್ನಕ್ಕೆ ಯಾಕಿಷ್ಟು ಮಹತ್ವ ಎಂದರೆ ನಾಯಿಯ ಮೈ ನಮ್ಮ ಮೈಯಂತೆ ಬೆವರಿ ತಣ್ಣಗಾಗುವುದಿಲ್ಲ. ಅದಕ್ಕೆ ಬೆವರುವ ಗ್ರಂಥಿಗಳಿರುವುದು ಮುಖ್ಯವಾಗಿ ಪಾದದ ಮೆತ್ತೆಗಳಲ್ಲಿ. ಮೈಯ ಕಾವನ್ನು ಅದು ಹೊರಹಾಕುವುದು ಹೆಚ್ಚಾಗಿ ನಾಲಿಗೆ ಚಾಚಿ ಏದುವುದರಿಂದ. ಬಾಯಿ, ಗಂಟಲು, ಮೂಗಿನ ಒಳಗಿನ ತೇವ ಆವಿಯಾಗುತ್ತಾ ರಕ್ತ ತಣಿಯುತ್ತದೆ. ಸುತ್ತಲ ಗಾಳಿ ಬಿಸಿಯಾಗಿದ್ದರೆ, ಅಥವಾ ತೇವದಿಂದ ಭಾರವಾಗಿದ್ದರೆ, ಈ ಏರ್ಪಾಡು ಸೋಲುತ್ತದೆ. ಮಧ್ಯಾಹ್ನದ ಕಡಲತೀರ ನಾಯಿಗೆ ಕಷ್ಟವಾಗುವುದು ಇದರಿಂದಲೇ. ಅಲ್ಲಿ ನೀರು ಎದುರಿಗಿದ್ದರೂ ಗಾಳಿಯಲ್ಲಿ ತೇವ ತುಂಬಿರುತ್ತದೆ, ಮರಳು ಸುಡುತ್ತಿರುತ್ತದೆ, ತಲೆಯ ಮೇಲೆ ಮರವಿರುವುದಿಲ್ಲ. ಕೋಟೆ, ಬಂಡೆಬೆಟ್ಟಗಳೂ ಹಾಗೆಯೇ. ಕಾದ ಕಲ್ಲಿನಿಂದ ಮೇಲೇಳುವ ಝಳ ನಿಮ್ಮ ಮುಖಕ್ಕೆ ತಾಗುವುದಕ್ಕಿಂತ ಮೊದಲು ಅದರ ಹೊಟ್ಟೆಗೆ ತಾಗುತ್ತದೆ.

ಹಾಗಾದರೆ ನೆರಳು ಎಲ್ಲಿದೆ? ಕರ್ನಾಟಕದಲ್ಲಿ ನೆರಳನ್ನೇ ಬೆಳೆಯ ಜೊತೆಗೆ ಸಾಕುವ ಸೀಮೆಯೊಂದಿದೆ, ಅದು ಕಾಫಿ ಸೀಮೆ. ಅಲ್ಲಿನ ತೋಟಗಳಲ್ಲಿ, ಅದರಲ್ಲೂ ಅರೇಬಿಕಾ ಕಾಫಿಯ ತೋಟಗಳಲ್ಲಿ, ಗಿಡಗಳ ಮೇಲೆ ಹಾಲುವಾಣ, ಅತ್ತಿ, ಹಲಸು, ಸಿಲ್ವರ್ ಓಕ್ ಮರಗಳನ್ನು ಬೇಕೆಂದೇ ಬೆಳೆಸಿರುತ್ತಾರೆ. ಬೆಂಗಳೂರಿನಿಂದ ಹೊರಡುವವರಿಗೆ ಸಕಲೇಶಪುರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸುಮಾರು 220 ಕಿಲೋಮೀಟರ್ ದೂರ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದ ಊರು. ಕಡಿದಾದ ಘಾಟಿ ಸಿಗುವುದು ಊರು ದಾಟಿ ಶಿರಾಡಿಯ ಕಡೆ ಇಳಿದಾಗ, ಆದ್ದರಿಂದ ಕಾರಿನಲ್ಲಿ ವಾಂತಿ ಮಾಡುವ ನಾಯಿಗಳಿಗೂ ಈ ದಾರಿ ಅಷ್ಟು ಕಷ್ಟವಲ್ಲ. ದೀಪಾವಳಿಯ ಹೊತ್ತಿಗೆ ಮುಂಗಾರಿನ ಜಡಿಮಳೆ ನಿಂತಿರುತ್ತದೆ. ಕಾಫಿ ಕೊಯ್ಲಿನ ಗಡಿಬಿಡಿ ಇನ್ನೂ ಪೂರ್ತಿ ಶುರುವಾಗಿರುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ತೋಟಕ್ಕೆ ನಾಯಿಯನ್ನು ಕರೆದೊಯ್ಯಿರಿ ಎಂದು ನಾನು ಹೇಳುವುದಿಲ್ಲ. ಆಗ ಅಲ್ಲಿ ಇಂಬಳದ ಕಾಲ. ಕಾಲಿಗೆ ಹತ್ತುವ ಇಂಬಳಗಳಿಂದ ದೊಡ್ಡ ತೊಂದರೆಯಿಲ್ಲ. ನಿಂತ ನೀರು ಕುಡಿಯುವಾಗ ಮೂಗಿನೊಳಗೆ ಸೇರಿಕೊಳ್ಳುವ ಜಿಗಣೆಯಿಂದ ನಿಜವಾದ ಪೇಚಾಟ. ಒಂದೇ ಹೊಳ್ಳೆಯಿಂದ ರಕ್ತ ಜಿನುಗುತ್ತಿದ್ದರೆ, ನಾಯಿ ಮತ್ತೆ ಮತ್ತೆ ಸೀನುತ್ತಿದ್ದರೆ ಅದೇ ಇರಬಹುದು. ಅದನ್ನು ವೈದ್ಯರೇ ತೆಗೆಯಬೇಕು. ದೀಪಾವಳಿಯ ಹೊತ್ತಿಗೆ ಈ ಕಾಟ ಕಡಿಮೆಯಾಗಿದ್ದರೂ ಪೂರ್ತಿ ಹೋಗಿರುವುದಿಲ್ಲ. ಹಾಗಾಗಿ ಕುಡಿಯುವ ನೀರು ಮನೆಯದೇ ಇರಲಿ, ತೋಡಿನ ನೀರು ಬೇಡ.

ಎಲ್ಲ ನಾಯಿಗಳನ್ನೂ ಕರೆದೊಯ್ಯಬೇಕೆಂದಿಲ್ಲ. ಪಗ್, ಬುಲ್‌ಡಾಗ್, ಶಿಟ್ಜು ಹೀಗೆ ಮೂತಿ ಚಪ್ಪಟೆಯಾಗಿರುವ ತಳಿಗಳಿಗೆ ಏದುವ ದಾರಿಯೇ ಇಕ್ಕಟ್ಟು. ಅವುಗಳಿಗೆ ಪ್ರಯಾಣ, ಓಡಾಟ ಎಲ್ಲವೂ ತಂಪು ಹೊತ್ತಿನಲ್ಲೇ ಆಗಬೇಕು, ಅದೂ ಅರ್ಧಕ್ಕರ್ಧ ಕಡಿಮೆ. ಹೃದಯದ ಅಥವಾ ಮೂತ್ರಪಿಂಡದ ತೊಂದರೆಯಿರುವ ಮುದಿನಾಯಿ, ಲಸಿಕೆ ಪೂರ್ತಿಯಾಗದ ಮರಿ, ಬೆದೆಗೆ ಬಂದ ಹೆಣ್ಣುನಾಯಿ, ಇವು ಪರಿಚಯದವರ ಜೊತೆ ಮನೆಯಲ್ಲೇ ಇದ್ದರೆ ಒಳ್ಳೆಯದು. ಬೆದೆಯ ನಾಯಿಯನ್ನು ತೋಟಕ್ಕೆ ತಂದರೆ ಸುತ್ತಮುತ್ತಲ ಗಂಡುನಾಯಿಗಳೆಲ್ಲ ರಾತ್ರಿಯಿಡೀ ಬಾಗಿಲ ಮುಂದೆ ಜಮಾಯಿಸುತ್ತವೆ. ಆಮೇಲೆ ಶಾಂತವಾದ ಜಾಗ ಎಂಬ ಮಾತಿಗೆ ಅರ್ಥವಿರುವುದಿಲ್ಲ.

ಈಗ ಫೋನ್ ಮಾಡುವ ಕೆಲಸ. ನಾಯಿಗೆ ಅವಕಾಶವಿದೆ ಎಂದು ಹೋಂಸ್ಟೇಯವರು ಹೇಳಿದ ಮಾತ್ರಕ್ಕೆ ಮುಂಗಡ ಕೊಡಬೇಡಿ. ಎಷ್ಟೋ ಕಡೆ ಅದರ ಅರ್ಥ ಹಿತ್ತಲಲ್ಲಿ ಗೂಡಿದೆ, ಅಲ್ಲಿ ಕಟ್ಟಿಹಾಕಿ ಅಂತ. ಸಾರ್, ರಾತ್ರಿ ನಾಯಿ ನಮ್ಮ ಕೋಣೆಯ ಒಳಗೇ ಮಲಗಬಹುದಾ ಎಂದು ನೇರವಾಗಿ ಕೇಳಿ. ಇಲ್ಲ ಎಂದರೆ ಬೇರೆ ಮನೆ ಹುಡುಕಿ. ಇದು ಮುದ್ದಿನ ಮಾತಲ್ಲ. ಮಲೆನಾಡಿನ ತೋಟಗಳ ಸುತ್ತ ಚಿರತೆ ಓಡಾಡುತ್ತದೆ, ನಾಯಿ ಅದಕ್ಕೆ ಸುಲಭವಾಗಿ ಸಿಗುವ ಬೇಟೆ. ಜಗುಲಿಯ ಕಂಬಕ್ಕೆ ಕಟ್ಟಿದ ನಾಯಿಗೆ ತಪ್ಪಿಸಿಕೊಂಡು ಓಡುವ ದಾರಿಯೂ ಇರುವುದಿಲ್ಲ.

ಎರಡನೆಯದಾಗಿ, ಅವರ ಮನೆಯಲ್ಲಿ ನಾಯಿಗಳಿವೆಯೇ, ಅವನ್ನು ಬಿಟ್ಟಿರುತ್ತಾರೆಯೇ, ಅವಕ್ಕೆ ಲಸಿಕೆ ಆಗಿದೆಯೇ ಎಂದು ಕೇಳಿ. ತೋಟದ ನಾಯಿಗಳಿಗೆ ಆ ಜಾಗ ತಮ್ಮದೆಂಬ ಖಾತ್ರಿ ಇರುತ್ತದೆ. ಅವರ ಗೇಟಿನೊಳಗೆ ಕಾರು ನಿಲ್ಲಿಸಿ ನಿಮ್ಮ ನಾಯಿಯನ್ನು ಅವುಗಳ ಮಧ್ಯೆ ಇಳಿಸಿದರೆ ಜಗಳ ಖಂಡಿತ. ಗೇಟಿನ ಹೊರಗೇ ಇಳಿಸಿ. ಎರಡು ಕಡೆಯ ನಾಯಿಗಳನ್ನೂ ಚೈನಿನಲ್ಲಿ ಹಿಡಿದು, ನಡುವೆ ಅಂತರ ಬಿಟ್ಟು, ಒಂದೇ ದಿಕ್ಕಿಗೆ ಸ್ವಲ್ಪ ದೂರ ನಡೆಸಿ. ಮುಖಾಮುಖಿಯಾಗಿ ನಿಲ್ಲಿಸಬೇಡಿ. ಜೊತೆಯಲ್ಲಿ ನಡೆದು, ನೆಲ ಮೂಸಿ, ಆಮೇಲೆ ಒಳಗೆ ಹೋದರೆ ಬಹುಪಾಲು ನಾಯಿಗಳು ಒಪ್ಪಿಕೊಳ್ಳುತ್ತವೆ.

ಮೂರನೆಯದು ಪಟಾಕಿ. ಹಳ್ಳಿಗಳಲ್ಲೂ ಒಂದು ಸಂಜೆ ಪಟಾಕಿ ಇದ್ದೇ ಇರುತ್ತದೆ. ಎಷ್ಟು ಹೊಡೆಯುತ್ತಾರೆ, ಪಕ್ಕದ ಮನೆ ಎಷ್ಟು ದೂರ, ಬೇರೆ ಅತಿಥಿಗಳೂ ತರುತ್ತಾರೆಯೇ ಎಂದು ವಿಚಾರಿಸಿ. ಪಟಾಕಿಯಿಂದ ತಪ್ಪಿಸಿಕೊಳ್ಳಲು ಇಷ್ಟು ದೂರ ಬಂದು ಅಲ್ಲೂ ಅದೇ ಸದ್ದು ಕೇಳಿದರೆ, ಹೊಸ ಜಾಗದಲ್ಲಿ ಬೆದರಿದ ನಾಯಿ ಓಡಿಹೋದರೆ ಮತ್ತೆ ಸಿಗುವುದು ಕಷ್ಟ. ಕೊನೆಯದಾಗಿ, ತೋಟದಲ್ಲಿ ಔಷಧಿ ಸಿಂಪಡಣೆ ನಡೆದಿದೆಯೇ, ಕಾಡುಹಂದಿಗೆಂದು ಬೇಲಿಯಲ್ಲಿ ಯಾರಾದರೂ ಉರುಳು ಒಡ್ಡಿರಬಹುದೇ, ವಿದ್ಯುತ್ ಬೇಲಿ ಎಲ್ಲಿದೆ, ಹತ್ತಿರದ ಪಶುಚಿಕಿತ್ಸಾಲಯ ಯಾವುದು ಎಂದು ಕೇಳಿ ಬರೆದುಕೊಳ್ಳಿ. ಹಬ್ಬದ ದಿನ ವೈದ್ಯರು ಸಿಗುತ್ತಾರೆಯೇ ಎಂಬುದನ್ನೂ ಮೊದಲೇ ತಿಳಿದುಕೊಂಡಿರಿ.

ಹೊರಡುವುದಕ್ಕೆ ಮೂರು ವಾರ ಮುಂಚೆ ನಿಮ್ಮ ವೈದ್ಯರನ್ನು ಒಮ್ಮೆ ನೋಡಿ. ರೇಬೀಸ್ ಲಸಿಕೆಯ ಜೊತೆಗೆ ಇಲಿಜ್ವರದ ಲಸಿಕೆ ಬಾಕಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಗದ್ದೆಯ ನೀರು, ಕೆಸರು ಇರುವ ಕಡೆ ಇಲಿಜ್ವರದ ಭಯ ಇದ್ದೇ ಇದೆ. ಉಣ್ಣೆ ಹತ್ತದಂತೆ ತಡೆಯುವ ಮಾತ್ರೆ ಅಥವಾ ಬೆನ್ನಿಗೆ ಹಾಕುವ ಹನಿ ಔಷಧಿಯನ್ನು ಹೊರಡುವುದಕ್ಕೆ ಎರಡು ಮೂರು ದಿನ ಮೊದಲೇ ಕೊಟ್ಟಿರಬೇಕು. ದಿನಾ ಬೀದಿಯ ಕೊನೆಯವರೆಗೆ ಮಾತ್ರ ಹೋಗಿಬರುವ ನಾಯಿಯಾದರೆ ಈಗಿನಿಂದಲೇ ಸ್ವಲ್ಪ ಸ್ವಲ್ಪ ದೂರ ಹೆಚ್ಚಿಸಿ. ಟೈಲ್ಸ್ ನೆಲದ ಮೇಲೆ ಬೆಳೆದ ಪಾದದ ಮೆತ್ತೆ ಒಂದೇ ದಿನದ ಕಲ್ಲುದಾರಿಗೆ ಸುಲಿದುಹೋಗುತ್ತದೆ.

ಈಗ ದಾರಿಗೆ ಬರೋಣ. ನಮ್ಮ ಉದಾಹರಣೆಯ ನಾಯಿ ಆರು ವರ್ಷದ, 30 ಕಿಲೋ ತೂಕದ ಲ್ಯಾಬ್ರಡಾರ್ ಎಂದುಕೊಳ್ಳಿ. ಹಿಂದಿನ ರಾತ್ರಿ ಎಂದಿನ ಹೊತ್ತಿಗೆ ಊಟ. ಬೆಳಿಗ್ಗೆ ತಿಂಡಿ ಬೇಡ, ನೀರು ಮಾತ್ರ. ಐದು ಗಂಟೆಗೆ ಬೆಂಗಳೂರು ಬಿಟ್ಟರೆ ನೆಲಮಂಗಲ, ಕುಣಿಗಲ್ ದಾಟುವಾಗ ಇನ್ನೂ ತಂಪು. ಬೆಳ್ಳೂರು ಕ್ರಾಸಿನ ಆಸುಪಾಸಿನಲ್ಲಿ ಒಮ್ಮೆ ಇಳಿಸಿ, ಹಾಸನ ದಾಟಿದ ಮೇಲೆ ಇನ್ನೊಮ್ಮೆ ಇಳಿಸಿ. ವರ್ಷಕ್ಕೊಮ್ಮೆ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವುದು ಇದೇ ದಿನಗಳಲ್ಲಿ. ಊರೊಳಗಿನ ಜನಜಂಗುಳಿಯಲ್ಲಿ ಕಾರು ಸಿಕ್ಕಿಕೊಳ್ಳದಂತೆ ಬೈಪಾಸ್ ಹಿಡಿಯಿರಿ. ಹತ್ತು ಗಂಟೆಯ ಸುಮಾರಿಗೆ ತೋಟ ಸೇರಬಹುದು, ಬಿಸಿಲು ಏರುವ ಮೊದಲೇ.

ನಾಯಿ ಹಿಂದಿನ ಸೀಟಿನಲ್ಲಿರಲಿ. ಎದೆಗೆ ಹಾಕುವ ಹಾರ್ನೆಸ್‌ಗೆ ಸೀಟ್‌ಬೆಲ್ಟ್ ಸಿಕ್ಕಿಸಿ. ಕುತ್ತಿಗೆಯ ಬೆಲ್ಟಿಗೆ ಸಿಕ್ಕಿಸಬೇಡಿ, ಜೋರಾಗಿ ಬ್ರೇಕ್ ಹಾಕಿದಾಗ ಕುತ್ತಿಗೆಗೇ ಪೆಟ್ಟು. ನಿಲ್ಲಿಸಿದಾಗ ಮೊದಲು ಚೈನು, ಆಮೇಲೆ ಬಾಗಿಲು. ಹೆದ್ದಾರಿಯ ಬದಿಯಲ್ಲಿ ಬಾಗಿಲು ತೆರೆದ ಕೂಡಲೇ ನೆಗೆದು ನಾಯಿ ಕಳೆದುಹೋದ ಕಥೆಗಳು ನಮ್ಮ ಕಿವಿಗೆ ಆಗಾಗ ಬೀಳುತ್ತವೆ. ನಿಮ್ಮ ಫೋನ್ ನಂಬರ್ ಕೆತ್ತಿದ ಬಿಲ್ಲೆ ಅದರ ಕೊರಳಲ್ಲಿರಲಿ. 30 ಕಿಲೋ ನಾಯಿಗೆ ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರು ಬೇಕು, ಓಡಾಟವಿದ್ದರೆ ಇನ್ನೂ ಹೆಚ್ಚು. ದಾರಿಗೆಂದೇ ಮೂರು ಲೀಟರ್ ಇಟ್ಟುಕೊಳ್ಳಿ. ನಿದ್ದೆಗೆಂದು ಅವರಿವರು ಹೇಳಿದ ಮಾತ್ರೆ ಕೊಡಬೇಡಿ. ಮಂಪರಿನಲ್ಲಿರುವ ನಾಯಿಗೆ ಮೈಯ ಕಾವು ಹಿಡಿತಕ್ಕೆ ಸಿಗುವುದಿಲ್ಲ.

ತಿಂಡಿಗೆ ಹೋಟೆಲ್ ಮುಂದೆ ನಿಲ್ಲಿಸಿದಾಗ ಒಬ್ಬರು ನಾಯಿಯ ಜೊತೆ ಹೊರಗೆ, ನೆರಳಲ್ಲಿ ಇರಲೇಬೇಕು. ಐದೇ ನಿಮಿಷ ಎಂದುಕೊಂಡು ಅದನ್ನು ಕಾರಿನಲ್ಲಿ ಬಿಟ್ಟು ಹೋಗುವವರಿದ್ದಾರೆ. ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಶಾಖ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಏರುತ್ತದೆ. ಕಿಟಕಿಯನ್ನು ಎರಡು ಬೆರಳು ಇಳಿಸಿಟ್ಟರೆ ಅದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇನೂ ಆಗುವುದಿಲ್ಲ.

ತೋಟ ಸೇರಿದ ಮೊದಲ ದಿನ ಯಾವ ಕಾರ್ಯಕ್ರಮವನ್ನೂ ಹಾಕಿಕೊಳ್ಳಬೇಡಿ. ಮನೆಯಲ್ಲಿ ಅದು ಮಲಗುತ್ತಿದ್ದ ಹೊದಿಕೆಯನ್ನು ಒಗೆಯದೆ ಹಾಗೇ ತಂದು ಕೋಣೆಯ ಮೂಲೆಯಲ್ಲಿ ಹಾಸಿ. ಅದರ ಪರಿಚಿತ ವಾಸನೆಯೇ ನಾಯಿಗೆ ಧೈರ್ಯ. ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಬಾಲ ಮಡಚುವುದು, ಊಟ ಬಿಡುವುದು, ಇವೆಲ್ಲ ಹೊಸ ಜಾಗದ ಅಳುಕು. ಒಂದು ದಿನ ಊಟ ಬಿಟ್ಟರೆ ಗಾಬರಿ ಬೇಡ. ನೀರನ್ನೂ ಬಿಟ್ಟರೆ ವೈದ್ಯರಿಗೆ ಫೋನ್ ಮಾಡಿ.

ಎರಡನೆಯ ದಿನ ಬೆಳಿಗ್ಗೆ ಆರೂವರೆಗೆ ತೋಟದ ಕಾಲುದಾರಿಯಲ್ಲಿ ನಡೆಯಿರಿ. ಹತ್ತು ಮೀಟರ್ ಉದ್ದದ ಹಗ್ಗವನ್ನು ಹಾರ್ನೆಸ್‌ಗೆ ಕಟ್ಟಿ, ನಾಯಿಯ ಹಿಂದೆ ನೀವು ಹೋಗಿ. ನಾಯಿಗೆ ಲೋಕ ತಿಳಿಯುವುದು ಮೂಗಿನಿಂದ. ರಾತ್ರಿ ಮುಳ್ಳುಹಂದಿ ಹೋದ ದಾರಿ, ಮುಂಗುಸಿ ಕೆರೆದ ಮಣ್ಣು, ಲೈನ್ ಮನೆಯ ಬೆಕ್ಕು ಕೂತೆದ್ದ ಕಲ್ಲು, ಎಲ್ಲವನ್ನೂ ಅದು ಮೂಸಿ ಮುಗಿಸುವವರೆಗೆ ಎಳೆಯದೆ ನಿಂತಿರಿ. ಮುಕ್ಕಾಲು ಗಂಟೆಯಲ್ಲಿ ಅರ್ಧ ಕಿಲೋಮೀಟರ್ ಮಾತ್ರ ಸಾಗಿದರೂ ಅದು ತೃಪ್ತಿಯಿಂದ ಬಂದು ಮಲಗುತ್ತದೆ. ಹಗ್ಗ ಬಿಚ್ಚಿ ಓಡಾಡಲು ಬಿಡಬೇಡಿ. ದರಗಿನಲ್ಲಿ ಮಂಡಲದ ಹಾವು ಇರಬಹುದು, ಬೇಲಿಯಲ್ಲಿ ಉರುಳಿರಬಹುದು. ಹಬ್ಬಕ್ಕೆ ಸಿಂಗರಿಸಿಕೊಂಡು ನಿಂತ ಹಸುವಿನ ಹತ್ತಿರ ನಿಮ್ಮ ನಾಯಿ ಬೊಗಳುತ್ತಾ ಹೋದರೆ ಕೊಂಬಿನ ತಿವಿತವೂ ತಪ್ಪಿದ್ದಲ್ಲ. ಮಾಗಿದ ಕಾಫಿ ಹಣ್ಣು ನೆಲದ ಮೇಲೆ ಬಿದ್ದಿದ್ದರೆ ತಿನ್ನಲು ಬಿಡಬೇಡಿ. ಬೀಜದಲ್ಲಿರುವ ಕೆಫೀನ್ ನಾಯಿಯ ಹೃದಯಕ್ಕೆ ಒಳ್ಳೆಯದಲ್ಲ.

ಲ್ಯಾಬ್ರಡಾರ್‌ಗೆ ನೀರೆಂದರೆ ಪ್ರಾಣ. ತಳ ಕಾಣುವ, ಮೊಣಕಾಲಿನಷ್ಟು ಆಳದ, ಸೆಳವಿಲ್ಲದ ತೋಡು ಸಿಕ್ಕರೆ ಹದಿನೈದು ನಿಮಿಷ ಆಡಲಿ. ಮೇಲೆಲ್ಲೋ ಮಳೆಯಾಗಿ ನೀರು ಕೆಂಪಾಗಿದ್ದರೆ ಆ ದಿನ ಬೇಡ. ಆಡಿ ಬಂದ ಮೇಲೆ ಕಿವಿಯ ಹಾಲೆ ಮಡಚಿ ಒಣಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ವಾರದಲ್ಲಿ ಕಿವಿ ಸೋರುತ್ತದೆ. ತಣ್ಣೀರಿನಲ್ಲಿ ಬಹಳ ಹೊತ್ತು ಈಜಿದ ಲ್ಯಾಬ್ರಡಾರ್‌ನ ಬಾಲ ಮರುದಿನ ಜೋತುಬಿದ್ದು, ಮುಟ್ಟಿದರೆ ನೋಯುವುದುಂಟು. ಮೂಳೆ ಮುರಿದಿದೆಯೆಂದು ಮನೆಯವರು ಹೆದರುತ್ತಾರೆ. ಅದು ಬಾಲದ ಸ್ನಾಯುಗಳ ದಣಿವು, ಕೆಲವು ದಿನದ ವಿಶ್ರಾಂತಿಯಲ್ಲಿ ಸರಿಹೋಗುತ್ತದೆ.

ಹನ್ನೊಂದರಿಂದ ನಾಲ್ಕರವರೆಗೆ ವಿಶ್ರಾಂತಿ. ಹಳೆಯ ತೋಟದ ಮನೆಗಳ ಕಾವಿ ನೆಲದ ಜಗುಲಿ ಇದಕ್ಕೆ ಹೇಳಿ ಮಾಡಿಸಿದ್ದು. ಮರಕ್ಕೆ ಕಟ್ಟುವುದಾದರೆ ನೆರಳು ಸರಿಯುತ್ತದೆ ಎಂಬುದನ್ನು ಮರೆಯಬೇಡಿ. ಹನ್ನೆರಡಕ್ಕೆ ನೆರಳಿದ್ದ ಜಾಗದಲ್ಲಿ ಎರಡಕ್ಕೆ ಬಿಸಿಲಿರುತ್ತದೆ. ಬೇಲೂರಿನ ಗುಡಿ ನೋಡಲೇಬೇಕೆಂದರೆ ಮನೆಯವರು ಎರಡು ಗುಂಪಾಗಿ ಸರದಿಯಲ್ಲಿ ಹೋಗಿಬನ್ನಿ, ನಾಯಿಗೆ ಅಲ್ಲಿ ಪ್ರವೇಶವಿಲ್ಲ. ಬಿಸಿಲೆ ಕಡೆಯ ಕಾಯ್ದಿಟ್ಟ ಕಾಡು, ವನ್ಯಧಾಮ, ರಾಷ್ಟ್ರೀಯ ಉದ್ಯಾನಗಳ ಕಡೆಗೂ ನಾಯಿಯನ್ನು ತಿರುಗಿಸಬೇಡಿ. ಸಾಕುನಾಯಿಯಿಂದ ಹರಡುವ ಡಿಸ್ಟೆಂಪರ್‌ನಂಥ ಸೋಂಕು ಕಾಡುಪ್ರಾಣಿಗಳಿಗೂ ತಗಲುತ್ತದೆ. ಸಂಜೆ ನಾಲ್ಕೂವರೆಗೆ ಇನ್ನೊಂದು ನಡಿಗೆ, ಮುಸ್ಸಂಜೆಗೆ ಮುಂಚೆ ಒಳಗೆ. ರಾತ್ರಿ ಮೂತ್ರಕ್ಕೆ ಬಿಡುವಾಗಲೂ ಚೈನು, ಟಾರ್ಚು, ದೀಪವಿರುವ ಅಂಗಳ.

ಇಷ್ಟಾದರೂ ನಾಯಿಗೆ ಬಿಸಿಲು ಬಡಿಯಿತು ಎಂದು ತಿಳಿಯುವುದು ಹೇಗೆ? ನೆರಳಿಗೆ ಬಂದು ಹತ್ತು ನಿಮಿಷವಾದರೂ ಏದುವುದು ಇಳಿಯುವುದಿಲ್ಲ. ಜೊಲ್ಲು ಅಂಟಂಟಾಗಿ ದಪ್ಪಗಾಗುತ್ತದೆ. ವಸಡು ಇಟ್ಟಿಗೆಯಂತೆ ಕೆಂಪಾಗುತ್ತದೆ. ಹಿಂಗಾಲು ತೂರಾಡುತ್ತದೆ. ನಾಯಿಯ ಸಹಜ ತಾಪ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, 105 ದಾಟಿದರೆ ಪ್ರಾಣಾಪಾಯ. ಆಗ ಮೊದಲು ತಣಿಸಬೇಕು, ಆಮೇಲೆ ಆಸ್ಪತ್ರೆಗೆ ಹೊರಡಬೇಕು. ನಲ್ಲಿಯ ನೀರನ್ನು ಮೈಮೇಲೆ, ಹೊಟ್ಟೆಯ ಕೆಳಗೆ, ತೊಡೆಯ ಸಂದಿಗೆ ಸುರಿಯುತ್ತಲೇ ಇರಿ, ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಸುಮ್ಮನೆ ಬಿಟ್ಟರೆ ಅದೇ ಬಿಸಿಯಾಗಿ ಕಾವನ್ನು ಒಳಗೇ ಹಿಡಿದಿಡುತ್ತದೆ. ಎಚ್ಚರ ಪೂರ್ತಿಯಿದ್ದರೆ ಮಾತ್ರ ಗುಟುಕು ಗುಟುಕಾಗಿ ನೀರು ಕುಡಿಸಿ. ತಾಪ 103ಕ್ಕೆ ಇಳಿದಾಗ ಸುರಿಯುವುದನ್ನು ನಿಲ್ಲಿಸಿ, ವೈದ್ಯರ ಬಳಿಗೆ ಹೊರಡಿ. ಮೇಲ್ನೋಟಕ್ಕೆ ಚೇತರಿಸಿಕೊಂಡಂತೆ ಕಂಡರೂ ತೋರಿಸಲೇಬೇಕು. ಮೂತ್ರಪಿಂಡಕ್ಕೆ ಆದ ಹಾನಿ ಒಂದೆರಡು ದಿನ ಬಿಟ್ಟು ಹೊರಬೀಳುತ್ತದೆ.

ಪ್ರತಿ ರಾತ್ರಿ ಮಲಗುವ ಮೊದಲು ಉಣ್ಣೆ ಹುಡುಕಿ. ಕಿವಿಯ ಒಳಮೈ, ಬೆರಳ ಸಂದಿ, ಕಂಕುಳು, ಬೆಲ್ಟಿನ ಅಡಿ, ಬಾಲದ ಬುಡ, ಇವು ಅದು ಅಡಗುವ ಜಾಗಗಳು. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಬೇಡ. ಬೇಸಿಗೆಗೆ ಮುಂದೂಡಿ ಶಿವಮೊಗ್ಗದ ಕಡೆ ಹೋಗುವ ಯೋಚನೆಯಿದ್ದರೆ ಇನ್ನೂ ಹೆಚ್ಚು ಎಚ್ಚರ ಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಮನುಷ್ಯರಿಗೆ ಹರಡುವುದು ಉಣ್ಣೆಯಿಂದ, ಅದೂ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಕಾಡಿನ ದರಗಿನಲ್ಲಿ ಹೊರಳಿದ ನಾಯಿ ಆ ಉಣ್ಣೆಯನ್ನು ನಿಮ್ಮ ಹಾಸಿಗೆಯವರೆಗೂ ತರಬಲ್ಲದು.

ಊರಿಗೆ ಮರಳಿದ ಮೇಲೆ ಮೂರು ವಾರದ ತನಕ ನಾಯಿಯ ಮೇಲೆ ಕಣ್ಣಿಟ್ಟಿರಿ. ಉಣ್ಣೆಜ್ವರ ಕಚ್ಚಿದ ದಿನವೇ ಕಾಣಿಸುವುದಿಲ್ಲ, ಒಂದರಿಂದ ಮೂರು ವಾರ ಹಿಡಿಯುತ್ತದೆ. ಜ್ವರ ಬಂದು ಊಟ ಬಿಟ್ಟರೆ, ವಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಕಾಫಿಬಣ್ಣಕ್ಕೆ ತಿರುಗಿದರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ವೈದ್ಯರ ಬಳಿ ಹೋದಾಗ ಯಾವ ತೋಟಕ್ಕೆ, ಯಾವ ತಾರೀಖಿಗೆ ಹೋಗಿದ್ದಿರಿ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ. ಯಾವ ಪರೀಕ್ಷೆಯಿಂದ ಶುರುಮಾಡಬೇಕು ಎಂಬುದು ನಮಗೆ ಅಷ್ಟರಿಂದಲೇ ಗೊತ್ತಾಗುತ್ತದೆ.